ವಿಶ್ವವಿದ್ಯಾಲಯದ ಗ್ರೇಡ್, ರ‍್ಯಾಂಕ್ ನೋಡಿ ಪಾಠದ ಮಟ್ಟ ತಿಳಿಯುವುದು ಹೇಗೆ?

ಓದುಗರಿಂದ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇದೆ. "ಈ ವಿಶ್ವವಿದ್ಯಾಲಯಕ್ಕೆ ಒಳ್ಳೆಯ ಗ್ರೇಡ್ ಇದೆ, ಹಾಗಾದರೆ ಪಾಠವೂ ಚೆನ್ನಾಗಿರುತ್ತದೆ ಅಲ್ವಾ?" "ಇದು 150ನೇ ಸ್ಥಾನದಲ್ಲಿದೆ, ಅದು 400ನೇ ಸ್ಥಾನದಲ್ಲಿದೆ. ಯೋಚನೆ ಮಾಡದೆ ಮೊದಲನೆಯದಕ್ಕೆ ಸೇರಬಹುದಾ?"

ಯೋಚನೆ ಮಾಡಿಯೇ ಸೇರಬೇಕು. ಗ್ರೇಡ್ ಕೊಡುವವರಾಗಲಿ, ರ‍್ಯಾಂಕ್ ಕೊಡುವವರಾಗಲಿ ಸೆಮಿಸ್ಟರ್ ಪೂರ್ತಿ ತರಗತಿಯಲ್ಲಿ ಕೂತು ಪಾಠ ಕೇಳುವುದಿಲ್ಲ. ಮಕ್ಕಳು ಸೇರುವಾಗ ಎಷ್ಟು ತಿಳಿದಿದ್ದರು, ಹೊರಗೆ ಬರುವಾಗ ಎಷ್ಟು ಕಲಿತರು ಎಂದು ಅಳೆಯುವುದೂ ಇಲ್ಲ. ಪಾಠವನ್ನು ನೇರವಾಗಿ ಅಳೆಯುವುದು ಕಷ್ಟ. ಅದಕ್ಕೇ ಅದರ ಅಕ್ಕಪಕ್ಕ ಇರುವ, ಎಣಿಸಲು ಸುಲಭವಾದ ಸಂಗತಿಗಳನ್ನು ಎಣಿಸುತ್ತಾರೆ. ಶಿಕ್ಷಕರ ಸಂಖ್ಯೆ, ತರಗತಿಯ ಗಾತ್ರ, ಪಿಎಚ್‌ಡಿ ಇರುವವರ ಪ್ರಮಾಣ, ಬೇರೆ ಪ್ರಾಧ್ಯಾಪಕರ ಅಭಿಪ್ರಾಯ, ಹೀಗೆ. ಈ ಅಂಕಿಗಳು ಸುಳ್ಳು ಅಂತಲ್ಲ. ಆದರೆ ಅಂಕಿಗೂ ನೀವು ಕೂರುವ ಬೆಂಚಿಗೂ ನಡುವೆ ದೂರ ಇದೆ. ಆ ದೂರವನ್ನು ನೀವೇ ಕ್ರಮಿಸುವುದು ಹೇಗೆ ಎಂದು ಈ ಲೇಖನದಲ್ಲಿ ಹೇಳುತ್ತೇನೆ.

ಜಾಸ್ತಿ ಏನೂ ಬೇಕಿಲ್ಲ. ನೀವು ಯೋಚಿಸುತ್ತಿರುವ ಎರಡು ಅಥವಾ ಮೂರು ವಿಶ್ವವಿದ್ಯಾಲಯಗಳ ಹೆಸರು, ಅಲ್ಲಿ ಓದಬೇಕೆಂದಿರುವ ಕೋರ್ಸಿನ ನಿಖರ ಹೆಸರು, ಇಂಟರ್ನೆಟ್, ಒಂದು ನೋಟ್‌ಬುಕ್ಕು, ಎರಡು ಸಂಜೆ. ಕೋರ್ಸಿನ ಹೆಸರು ನಿಖರವಾಗಿರಲಿ. ಇಡೀ ವಿಶ್ವವಿದ್ಯಾಲಯದ ಬಗ್ಗೆ ಹುಡುಕಲು ಹೊರಟರೆ ಯಾವ ಉತ್ತರವೂ ನಿಮ್ಮ ತರಗತಿಗೆ ತಾಗುವುದಿಲ್ಲ.

1. ಮಾನ್ಯತೆ ಬೇರೆ, ರ‍್ಯಾಂಕ್ ಬೇರೆ

ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದು ರೂಢಿಯಾಗಿದೆ. ಕೆಲಸ ಮಾತ್ರ ಬೇರೆ ಬೇರೆ.

ಮಾನ್ಯತೆ ಎಂದರೆ "ಈ ಸಂಸ್ಥೆ ಕನಿಷ್ಠ ಮಟ್ಟವನ್ನು ಮುಟ್ಟಿದೆ" ಎಂದು ಹೊರಗಿನ ಮಂಡಳಿಯೊಂದು ಕೊಡುವ ಒಪ್ಪಿಗೆ. ಸಂಸ್ಥೆ ತನ್ನ ಬಗ್ಗೆ ತಾನೇ ಒಂದು ದೊಡ್ಡ ವರದಿ ಬರೆಯುತ್ತದೆ. ಇದಕ್ಕೆ ಸ್ವಯಂ ಅಧ್ಯಯನ ವರದಿ ಎನ್ನುತ್ತಾರೆ. ಬೇರೆ ಸಂಸ್ಥೆಗಳ ಪ್ರಾಧ್ಯಾಪಕರಿರುವ ಒಂದು ತಂಡ ಅದನ್ನು ಓದಿ, ಕೆಲವು ದಿನ ಪರಿಶೀಲಿಸಿ, ತನ್ನ ವರದಿ ಕೊಡುತ್ತದೆ. ಹೆಚ್ಚಿನ ದೇಶಗಳಲ್ಲಿ ನಡೆಯುವುದು ಹೀಗೆಯೇ. ಕೆಲವು ಕಡೆ ಫಲಿತಾಂಶ "ಇದೆ" ಅಥವಾ "ಇಲ್ಲ" ಅಷ್ಟೇ. ಕೆಲವು ಕಡೆ ಗ್ರೇಡ್ ಕೊಡುತ್ತಾರೆ.

ರ‍್ಯಾಂಕಿಂಗ್‌ನಲ್ಲಿ ಕನಿಷ್ಠ ಮಟ್ಟದ ಮಾತೇ ಇಲ್ಲ. ಅದು ಸಾಲಾಗಿ ನಿಲ್ಲಿಸುವ ಕೆಲಸ. ಮೊದಲನೆಯವರು ಇದ್ದರೆ ಕೊನೆಯವರೂ ಇರಲೇಬೇಕು, ಕೊನೆಯವರು ಚೆನ್ನಾಗಿಯೇ ಕಲಿಸುತ್ತಿದ್ದರೂ ಸರಿ.

ಹಾಗಾಗಿ ಮಾನ್ಯತೆಯನ್ನು ಬಾಗಿಲಿನ ಹಾಗೆ ಬಳಸಿ. ಇಲ್ಲದಿದ್ದರೆ ಒಳಗೆ ಹೋಗುವುದೇ ಬೇಡ. ಪದವಿಗೆ ಬೆಲೆ ಸಿಗದಿರಬಹುದು, ಮುಂದಿನ ಓದಿಗೆ ತೊಂದರೆ ಆಗಬಹುದು. ಇದ್ದರೆ, ನಿಮ್ಮ ಹುಡುಕಾಟ ಅಲ್ಲಿಂದ ಶುರು.

ಇಲ್ಲಿ ಒಂದು ಎಚ್ಚರಿಕೆ. ಮಾನ್ಯತೆ ಕೊಡುವುದಾಗಿ ಹೇಳಿಕೊಳ್ಳುವ ನಕಲಿ ಮಂಡಳಿಗಳೂ ಇವೆ. ವಿಶ್ವವಿದ್ಯಾಲಯದ ವೆಬ್‌ಸೈಟಿನಲ್ಲಿ ಮುದ್ರೆ ನೋಡಿ ನಂಬಬೇಡಿ. ಮಾನ್ಯತೆ ಕೊಟ್ಟ ಮಂಡಳಿಯ ಸ್ವಂತ ವೆಬ್‌ಸೈಟಿಗೆ ಹೋಗಿ, ಅಲ್ಲಿ ವಿಶ್ವವಿದ್ಯಾಲಯದ ಹೆಸರು ಹುಡುಕಿ. ಆ ಮಂಡಳಿಗೆ ಆ ದೇಶದ ಸರ್ಕಾರದ ಮನ್ನಣೆ ಇದೆಯಾ ಎಂದೂ ನೋಡಿ. ಐಎಸ್ಒ 9001 ಪ್ರಮಾಣಪತ್ರವನ್ನು ದೊಡ್ಡದಾಗಿ ಹಾಕಿಕೊಂಡಿದ್ದರೆ ಅದು ಮಾನ್ಯತೆ ಅಲ್ಲ. ಕೆಲಸ ಕಾರ್ಯಗಳ ನಿರ್ವಹಣೆಗೆ ಒಂದು ಪದ್ಧತಿ ಇದೆ ಎಂದಷ್ಟೇ ಅದು ಹೇಳುತ್ತದೆ. ಅಂಥ ಪ್ರಮಾಣಪತ್ರವನ್ನು ಕಾರ್ಖಾನೆಯೂ ಪಡೆಯಬಹುದು.

2. ಗ್ರೇಡ್ ಪಕ್ಕಕ್ಕಿಡಿ, ವರದಿ ತೆರೆಯಿರಿ

ಎಲ್ಲರೂ ಗ್ರೇಡ್ ನೋಡುತ್ತಾರೆ, ವರದಿ ಓದುವವರು ಕಡಿಮೆ. ಬಹಳಷ್ಟು ಮಂಡಳಿಗಳು ಪರಿಶೀಲನಾ ತಂಡದ ವರದಿಯನ್ನು ಎಲ್ಲರಿಗೂ ಸಿಗುವಂತೆ ಇಡುತ್ತವೆ. ಯುರೋಪಿನಲ್ಲಿ ಇಂಥ ವರದಿಗಳನ್ನೆಲ್ಲ ಒಂದೇ ಕಡೆ ಹುಡುಕಲು ಡೆಕ್ಕರ್ ಎಂಬ ಡೇಟಾಬೇಸ್ ಇದೆ. ಇಂಟರ್ನೆಟ್ಟಿನಲ್ಲಿ DEQAR ಎಂದು ಹುಡುಕಿದರೆ ಸಿಗುತ್ತದೆ. ಭಾರತದ ಸಂಸ್ಥೆಗಳಾದರೆ ಇಲ್ಲಿನ ಮಾನ್ಯತಾ ಮಂಡಳಿಯಾದ ನ್ಯಾಕ್‌ನ ವರದಿ ನೋಡಬಹುದು.

ವರದಿ ತೆರೆದ ಮೇಲೆ ಮೊದಲು ನೋಡಬೇಕಾದದ್ದು, ಮಾನ್ಯತೆ ಯಾವುದಕ್ಕೆ ಎಂಬುದನ್ನು. ಇಡೀ ಸಂಸ್ಥೆಗೋ, ನೀವು ಸೇರುವ ಕೋರ್ಸಿಗೋ? ಸಂಸ್ಥೆಗೆ ಸಿಕ್ಕ ಮಾನ್ಯತೆ ಹತ್ತಾರು ವಿಭಾಗಗಳ ಸರಾಸರಿ ಇದ್ದ ಹಾಗೆ. ಅದರೊಳಗೆ ಸೊರಗಿದ ಒಂದು ವಿಭಾಗ ಕಾಣದೆ ಉಳಿಯಬಹುದು. ಎಂಜಿನಿಯರಿಂಗ್, ವೈದ್ಯಕೀಯ, ಮ್ಯಾನೇಜ್‌ಮೆಂಟ್‌ನಂಥ ಓದಿಗೆ ಹಲವು ದೇಶಗಳಲ್ಲಿ ಕೋರ್ಸಿಗೇ ಪ್ರತ್ಯೇಕ ಮಾನ್ಯತೆ ಇರುತ್ತದೆ. ಅದು ನಿಮಗೆ ಹೆಚ್ಚು ಹತ್ತಿರದ ಸಾಕ್ಷಿ.

ಆಮೇಲೆ ದಿನಾಂಕ ನೋಡಿ. ಒಂದು ಮಾನ್ಯತೆ ಸಾಮಾನ್ಯವಾಗಿ ಹಲವು ವರ್ಷ ಚಾಲ್ತಿಯಲ್ಲಿರುತ್ತದೆ. ನಾಲ್ಕು ವರ್ಷ ಹಿಂದೆ ಬಂದ ತಂಡ ನೋಡಿದ ಶಿಕ್ಷಕರಲ್ಲಿ ಎಷ್ಟು ಜನ ಈಗ ಇದ್ದಾರೆ? ವಿಭಾಗದ ಈಗಿನ ಪುಟದಲ್ಲಿರುವ ಹೆಸರುಗಳನ್ನು ಹಳೆಯ ವರದಿಯ ಪಟ್ಟಿಯ ಜೊತೆ ಇಟ್ಟು ನೋಡಿದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ಇನ್ನು ಬೋಧನೆಯ ಭಾಗ. ಒಟ್ಟು ಗ್ರೇಡ್ ಒಳಗೆ ಬೋಧನೆಗೆ ಎಷ್ಟು ಪಾಲು ಎಂದು ಹುಡುಕಿ. ಉದಾಹರಣೆಗೆ 2017ರಲ್ಲಿ ಬಂದ ನ್ಯಾಕ್ ಚೌಕಟ್ಟಿನಲ್ಲಿ 7 ಮಾನದಂಡ, ಒಟ್ಟು 1000 ಅಂಕ. ವಿಶ್ವವಿದ್ಯಾಲಯಗಳ ಮಟ್ಟಿಗೆ ಅದರಲ್ಲಿ ಬೋಧನೆ, ಕಲಿಕೆ ಮತ್ತು ಮೌಲ್ಯಮಾಪನಕ್ಕೆ 200. ಉಳಿದ 800 ಅಂಕ ಪಠ್ಯಕ್ರಮ, ಸಂಶೋಧನೆ, ಕಟ್ಟಡ, ಆಡಳಿತ ಮುಂತಾದವುಗಳಿಗೆ. ಅಂದರೆ ಬೋಧನೆಯಲ್ಲಿ ಸಾಧಾರಣ ಅಂಕ ಬಂದರೂ ಉಳಿದ ಕಡೆಯ ಅಂಕಗಳು ಗ್ರೇಡನ್ನು ಮೇಲೆತ್ತಬಹುದು. ಆದ್ದರಿಂದ ಮಾನದಂಡವಾರು ಅಂಕ ಸಿಕ್ಕರೆ ಒಟ್ಟು ಅಂಕಕ್ಕಿಂತ ಅದನ್ನೇ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.

ಕೊನೆಗೆ ತಂಡದ ಸಲಹೆಗಳನ್ನು ಓದಿ. ನನ್ನ ಮಟ್ಟಿಗೆ ಇಡೀ ವರದಿಯಲ್ಲಿ ಅತ್ಯಂತ ಉಪಯೋಗದ ಪುಟ ಇದೇ. ಹೊಗಳಿಕೆಯ ಮಾತು ಎಲ್ಲ ವರದಿಗಳಲ್ಲೂ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಸಲಹೆಗಳು ಮಾತ್ರ ಆಯಾ ಸಂಸ್ಥೆಗೆ ತಕ್ಕಂತೆ ಇರುತ್ತವೆ. "ಖಾಲಿ ಹುದ್ದೆಗಳನ್ನು ತುಂಬಬೇಕು" ಎಂದು ಮೆತ್ತಗೆ ಬರೆದಿದ್ದರೆ, ಆಗ ಶಿಕ್ಷಕರ ಕೊರತೆ ಇತ್ತು ಎಂದೇ ಅರ್ಥ. ಹಿಂದಿನ ವರದಿಯಲ್ಲೂ ಇದೇ ಸಲಹೆ ಇತ್ತಾ ನೋಡಿ. ಎರಡು ಸಲವೂ ಇದ್ದರೆ ಅದು ತಾತ್ಕಾಲಿಕ ತೊಂದರೆ ಅಲ್ಲ.

ಮಾನ್ಯತೆಯಲ್ಲಿ ಕಾಣದೇ ಹೋಗುವುದು ಯಾವುದು? ತಂಡ ಪರಿಶೀಲಿಸುವುದು ಮುಖ್ಯವಾಗಿ ಕಾಗದಗಳನ್ನು. ಪಾಠದ ಯೋಜನೆ ಇದೆಯಾ, ವಿದ್ಯಾರ್ಥಿಗಳ ಅಭಿಪ್ರಾಯ ಕೇಳಿದ್ದಾರಾ, ಅದರ ಮೇಲೆ ಸಭೆ ನಡೆದಿದೆಯಾ ಎಂಬುದಕ್ಕೆ ದಾಖಲೆ ಸಿಗುತ್ತದೆ. ಆ ಸಭೆಯ ನಂತರ ಪಾಠದಲ್ಲಿ ಏನಾದರೂ ಬದಲಾಯಿತಾ ಎಂಬುದು ದಾಖಲೆಯಲ್ಲಿ ಸಿಗುವುದು ಕಷ್ಟ. ಜೊತೆಗೆ, ತಂಡ ಬರುವ ದಿನ ಮೊದಲೇ ಗೊತ್ತಿರುತ್ತದೆ.

3. ರ‍್ಯಾಂಕಿಂಗ್‌ನಲ್ಲಿ "ಬೋಧನೆ" ಎಂದು ಕರೆಯುವುದು ಏನನ್ನು?

ಪ್ರತಿ ರ‍್ಯಾಂಕಿಂಗ್ ಸಂಸ್ಥೆಯೂ ತನ್ನ ಲೆಕ್ಕದ ವಿಧಾನವನ್ನು ಪ್ರಕಟಿಸುತ್ತದೆ. ವೆಬ್‌ಸೈಟಿನಲ್ಲಿ Methodology ಎಂಬ ಕೊಂಡಿ ಇರುತ್ತದೆ. ಅದನ್ನು ಒತ್ತಿ, ಬೋಧನೆಗೆ ಸಂಬಂಧಿಸಿದ ಸಾಲುಗಳನ್ನು ಮಾತ್ರ ಹುಡುಕಿ. ಮೂರು ದೊಡ್ಡ ಪಟ್ಟಿಗಳಲ್ಲಿ ಏನಿದೆ ಎಂದು ನೋಡೋಣ.

ಶಾಂಘೈ ಪಟ್ಟಿ 2003ರಲ್ಲಿ ಶುರುವಾಯಿತು. ಅದರಲ್ಲಿ "ಶಿಕ್ಷಣದ ಗುಣಮಟ್ಟ" ಎಂಬ ಅಂಶಕ್ಕೆ ಶೇ 10 ಪಾಲಿದೆ. ಅದನ್ನು ಅಳೆಯುವುದು ಹೇಗೆ ಗೊತ್ತಾ? ಆ ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿಗಳಲ್ಲಿ ಎಷ್ಟು ಜನರಿಗೆ ನೊಬೆಲ್ ಪ್ರಶಸ್ತಿ ಅಥವಾ ಗಣಿತದ ಫೀಲ್ಡ್ಸ್ ಪದಕ ಬಂದಿದೆ ಎಂದು. ಉಳಿದದ್ದೆಲ್ಲ ಸಂಶೋಧನೆಯ ಸುತ್ತಲೇ. ನೀವು ಮೊದಲ ವರ್ಷದಲ್ಲಿ ಕೇಳುವ ಪಾಠದ ಬಗ್ಗೆ ಈ ಪಟ್ಟಿ ಏನೂ ಹೇಳುವುದಿಲ್ಲ.

ಟೈಮ್ಸ್ ಹೈಯರ್ ಎಜುಕೇಶನ್ ಪಟ್ಟಿಯಲ್ಲಿ ಈಗಿನ ವಿಧಾನದ ಪ್ರಕಾರ "ಬೋಧನೆ"ಗೆ ಶೇ 29.5 ಪಾಲು. ಕೇಳಲು ದೊಡ್ಡದು. ಒಳಗೆ ಬಿಡಿಸಿದರೆ ಅದರಲ್ಲಿ 15 ಪಾಲು ಕೇವಲ ಹೆಸರಿಗೆ ಸೇರಿದ್ದು. ಪ್ರಪಂಚದ ಬೇರೆ ಬೇರೆ ಕಡೆಯ ವಿದ್ವಾಂಸರನ್ನು ಕೇಳಿ, ಬೋಧನೆಯಲ್ಲಿ ಯಾವ ವಿಶ್ವವಿದ್ಯಾಲಯ ಒಳ್ಳೆಯದು ಎಂದು ಸಂಗ್ರಹಿಸಿದ ಅಭಿಪ್ರಾಯ ಅದು. ಇನ್ನೊಂದು ದೇಶದ ತರಗತಿಯಲ್ಲಿ ಒಮ್ಮೆಯೂ ಕೂರದವರಿಗೆ ಅಲ್ಲಿನ ಪಾಠ ಹೇಗೆ ಗೊತ್ತಾಗಬೇಕು? ಅವರಿಗೆ ಗೊತ್ತಿರುವುದು ಅಲ್ಲಿಂದ ಬಂದ ಸಂಶೋಧನೆ. ಉಳಿದ 14.5 ಪಾಲಿನಲ್ಲಿ ಪಿಎಚ್‌ಡಿಗಳ ಲೆಕ್ಕ ಮತ್ತು ಸಂಸ್ಥೆಯ ಆದಾಯವೂ ಇವೆ. ಶಿಕ್ಷಕರಿಗೂ ವಿದ್ಯಾರ್ಥಿಗಳಿಗೂ ಇರುವ ಅನುಪಾತಕ್ಕೆ ಸಿಗುವುದು 4.5 ಮಾತ್ರ.

ಕ್ಯೂಎಸ್ ಪಟ್ಟಿಯಲ್ಲಿ ಕಲಿಕೆಯ ಅನುಭವ ಎಂಬ ಭಾಗದಲ್ಲಿರುವುದು ಒಂದೇ ಅಳತೆ. ಅದೂ ಶಿಕ್ಷಕ-ವಿದ್ಯಾರ್ಥಿ ಅನುಪಾತವೇ. ಮೊದಲು ಅದಕ್ಕೆ ಶೇ 20 ಪಾಲು ಇತ್ತು. 2024ರ ಆವೃತ್ತಿಯಲ್ಲಿ ಅದನ್ನು 10ಕ್ಕೆ ಇಳಿಸಿದರು.

ಇಲ್ಲಿ ಎಷ್ಟೋ ಜನ ಎಡವುತ್ತಾರೆ. ಸ್ಥಾನ ಮೇಲೆ ಕೆಳಗೆ ಆದರೆ ಪಾಠ ಮೇಲೆ ಕೆಳಗೆ ಆಯಿತು ಎಂದುಕೊಳ್ಳುತ್ತಾರೆ. ಎರಡು ವರ್ಷದ ಸ್ಥಾನಗಳನ್ನು ಹೋಲಿಸುವ ಮೊದಲು ಲೆಕ್ಕದ ವಿಧಾನ ಬದಲಾಗಿದೆಯಾ ನೋಡಿ. ವಿಧಾನ ಬದಲಾದ ವರ್ಷ, ಕ್ಯಾಂಪಸ್ಸಿನಲ್ಲಿ ಒಂದು ಕುರ್ಚಿಯೂ ಅತ್ತಿತ್ತ ಆಗದೆ ಸ್ಥಾನ ಬದಲಾಗಬಹುದು.

ಹಾಗಾದರೆ ಈ ಪಟ್ಟಿಗಳಲ್ಲಿ ಪಾಠಕ್ಕೆ ಸ್ವಲ್ಪವಾದರೂ ಹತ್ತಿರ ಇರುವುದು ಶಿಕ್ಷಕ-ವಿದ್ಯಾರ್ಥಿ ಅನುಪಾತ ಒಂದೇ. ಅದಕ್ಕೇ ಅದನ್ನು ಪೂರ್ತಿ ಬಿಡಿಸಿ ನೋಡುವುದು ಒಳ್ಳೆಯದು.

4. ಅನುಪಾತವನ್ನು ತರಗತಿಯ ಗಾತ್ರಕ್ಕೆ ಬದಲಾಯಿಸಿ

"ನಮ್ಮಲ್ಲಿ 15 ವಿದ್ಯಾರ್ಥಿಗಳಿಗೆ ಒಬ್ಬ ಶಿಕ್ಷಕರು" ಎಂದು ಓದಿದಾಗ ನಮ್ಮ ಕಣ್ಣ ಮುಂದೆ ಬರುವುದು 15 ಜನ ಕೂತಿರುವ ಪುಟ್ಟ ಕೋಣೆ. ಆ ಚಿತ್ರ ತಪ್ಪು. ಯಾಕೆ ಎಂದು ಲೆಕ್ಕ ಮಾಡೋಣ. ಇದು ನಾನು ಉದಾಹರಣೆಗೆಂದು ಕಟ್ಟಿದ ಲೆಕ್ಕ.

ಒಂದು ವಿಶ್ವವಿದ್ಯಾಲಯದಲ್ಲಿ 1200 ವಿದ್ಯಾರ್ಥಿಗಳು, 80 ಶಿಕ್ಷಕರು. ಅನುಪಾತ 15. ಪ್ರತಿ ವಿದ್ಯಾರ್ಥಿ ಒಂದು ಸೆಮಿಸ್ಟರಿನಲ್ಲಿ 5 ವಿಷಯ ಓದುತ್ತಾನೆ. ಪ್ರತಿ ಶಿಕ್ಷಕರು 2 ತರಗತಿಗಳನ್ನು ತೆಗೆದುಕೊಳ್ಳುತ್ತಾರೆ. ಆಗ ತುಂಬಬೇಕಾದ ಸೀಟುಗಳು 1200 × 5, ಅಂದರೆ 6000. ನಡೆಯುವ ತರಗತಿಗಳು 80 × 2, ಅಂದರೆ 160. ಒಂದು ತರಗತಿಗೆ ಸರಾಸರಿ 37 ಅಥವಾ 38 ಜನ. ಸೂತ್ರ ಸುಲಭ:

```
ತರಗತಿಯ ಸರಾಸರಿ ಗಾತ್ರ =
ಅನುಪಾತ × (ವಿದ್ಯಾರ್ಥಿ ಓದುವ ವಿಷಯಗಳು ÷ ಶಿಕ್ಷಕರು ತೆಗೆದುಕೊಳ್ಳುವ ತರಗತಿಗಳು)
```

ಈಗ ಇನ್ನೊಂದು ಪದರ ತೆಗೆಯಿರಿ. ಆ 80 ಜನರಲ್ಲಿ ಎಲ್ಲರೂ ಪಾಠ ಮಾಡುತ್ತಾರಾ? 20 ಜನ ಸಂಶೋಧನೆ ಮಾತ್ರ ಮಾಡುತ್ತಾರೆ ಎಂದಿಟ್ಟುಕೊಳ್ಳಿ. ಇನ್ನು 10 ಜನ ರಜೆಯಲ್ಲೋ ಆಡಳಿತದ ಕೆಲಸದಲ್ಲೋ ಇದ್ದಾರೆ. ತರಗತಿಗೆ ಬರುವವರು 50. ನಿಜವಾದ ಅನುಪಾತ 24 ಆಯಿತು. ಸೂತ್ರಕ್ಕೆ ಹಾಕಿದರೆ ತರಗತಿಗೆ ಸರಾಸರಿ 60 ಜನ. ಪ್ರಚಾರದ ಪುಸ್ತಕದಲ್ಲಿ 15, ಕೋಣೆಯಲ್ಲಿ 60. ಇದರಲ್ಲಿ ಯಾರೂ ಸುಳ್ಳು ಹೇಳಬೇಕಾಗಿಯೇ ಬರಲಿಲ್ಲ.

ಇದಕ್ಕಾಗಿ ನೀವು ಮಾಡಬೇಕಾದ್ದು ಇಷ್ಟು. ನಿಮ್ಮ ವಿಭಾಗದ ಶಿಕ್ಷಕರ ಪುಟ ತೆರೆಯಿರಿ. ಈ ಸೆಮಿಸ್ಟರಿನ ಟೈಮ್‌ಟೇಬಲ್ಲನ್ನು ಅದರ ಪಕ್ಕದಲ್ಲಿಡಿ. ಶಿಕ್ಷಕರ ಪಟ್ಟಿಯಲ್ಲಿರುವ ಹೆಸರುಗಳಲ್ಲಿ ಎಷ್ಟು ಟೈಮ್‌ಟೇಬಲ್ಲಿನಲ್ಲಿವೆ ಎಂದು ಗುರುತು ಹಾಕಿ. ಟೈಮ್‌ಟೇಬಲ್ಲಿನಲ್ಲಿದ್ದು ಪಟ್ಟಿಯಲ್ಲಿಲ್ಲದ ಹೆಸರುಗಳು ಸಿಕ್ಕರೆ ಅವರು ಹೆಚ್ಚಾಗಿ ಅತಿಥಿ ಉಪನ್ಯಾಸಕರು ಅಥವಾ ಪಿಎಚ್‌ಡಿ ಮಾಡುತ್ತಿರುವವರು. ಇವರು ಕೆಟ್ಟದಾಗಿ ಪಾಠ ಮಾಡುತ್ತಾರೆ ಎಂದು ದಯವಿಟ್ಟು ತಿಳಿಯಬೇಡಿ. ಎಷ್ಟೋ ಕಡೆ ಮನಸ್ಸಿಟ್ಟು ಕಲಿಸುವವರು ಅವರೇ. ಆದರೆ ಮುಂದಿನ ಸೆಮಿಸ್ಟರಿನಲ್ಲಿ ಅವರು ಇರುತ್ತಾರಾ, ತರಗತಿಯ ಹೊರಗೆ ಅನುಮಾನ ಕೇಳಲು ಅವರಿಗೊಂದು ಕೋಣೆ, ಸಮಯ ಕೊಟ್ಟಿದ್ದಾರಾ ಎಂಬುದು ನಿಮಗೆ ಬೇಕಾದ ಮಾಹಿತಿ.

ಅನುಪಾತದಲ್ಲಿ ಅರೆಕಾಲಿಕ ಶಿಕ್ಷಕರನ್ನು ಎಣಿಸುವ ರೀತಿ ಒಂದೊಂದು ಕಡೆ ಒಂದೊಂದು ಥರ. ಅಮೆರಿಕದ ಕಾಮನ್ ಡೇಟಾ ಸೆಟ್‌ನಲ್ಲಿ ಮೂವರು ಅರೆಕಾಲಿಕ ಶಿಕ್ಷಕರು ಸೇರಿ ಒಬ್ಬ ಪೂರ್ಣಕಾಲಿಕರ ಲೆಕ್ಕ. ವಿಶ್ವವಿದ್ಯಾಲಯಗಳು ಒಂದೇ ನಮೂನೆಯಲ್ಲಿ ಪ್ರಕಟಿಸುವ ಅಂಕಿಗಳ ಪುಸ್ತಿಕೆಗೆ ಕಾಮನ್ ಡೇಟಾ ಸೆಟ್ ಎನ್ನುತ್ತಾರೆ. ಬೇರೆ ಬೇರೆ ದೇಶದ ಎರಡು ಅನುಪಾತಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಬೇಡಿ. ಎಣಿಸಿದ ಕೈ ಬೇರೆ.

5. ಸರಾಸರಿಯನ್ನು ಬಿಟ್ಟು ವಿದ್ಯಾರ್ಥಿಯ ಕಡೆಯಿಂದ ಎಣಿಸಿ

ಈ ಹಂತ ಸ್ವಲ್ಪ ನಿಧಾನವಾಗಿ ಓದಿ. ಇದರಲ್ಲಿ ಅಡಗಿರುವ ವಿಷಯ ಗೊತ್ತಾದರೆ ಯಾವ ಪ್ರಚಾರದ ಅಂಕಿಯನ್ನಾದರೂ ಸರಿಯಾಗಿ ಓದಬಹುದು.

ಒಂದು ವಿಭಾಗದಲ್ಲಿ 10 ತರಗತಿಗಳಿವೆ ಎನ್ನೋಣ. ಎಂಟು ತರಗತಿಗಳಲ್ಲಿ ತಲಾ 15 ಜನ. ಎರಡು ತರಗತಿಗಳಲ್ಲಿ ತಲಾ 190 ಜನ. ಒಟ್ಟು ಸೀಟುಗಳು 120 + 380, ಅಂದರೆ 500.

ವಿಭಾಗದವರು ಹೇಳುತ್ತಾರೆ: "ನಮ್ಮ ಶೇ 80 ತರಗತಿಗಳಲ್ಲಿ 20ಕ್ಕಿಂತ ಕಡಿಮೆ ವಿದ್ಯಾರ್ಥಿಗಳು." ಹತ್ತರಲ್ಲಿ ಎಂಟು, ಮಾತು ನಿಜ. ಆದರೆ 500 ಸೀಟುಗಳಲ್ಲಿ 380 ಸೀಟುಗಳು ಆ ಎರಡು ದೊಡ್ಡ ಹಾಲ್‌ಗಳಲ್ಲಿವೆ. ಅಂದರೆ ಶೇ 76 ಸೀಟುಗಳಲ್ಲಿ ಕೂತವರ ಸುತ್ತ 190 ಜನ ಇರುತ್ತಾರೆ. ವಿಭಾಗದ ಲೆಕ್ಕದಲ್ಲಿ ಸರಾಸರಿ ತರಗತಿ 50 ಜನರದ್ದು. ಸೀಟಿನಲ್ಲಿ ಕೂತವರನ್ನು ಒಬ್ಬೊಬ್ಬರಾಗಿ ಕೇಳಿ ಸರಾಸರಿ ತೆಗೆದರೆ 148 ಬರುತ್ತದೆ. ಎರಡೂ ಸರಿಯಾದ ಲೆಕ್ಕ. ನಿಮಗೆ ಬೇಕಾದದ್ದು ಎರಡನೆಯದು.

ಈ ಜಾಗದಲ್ಲಿ ಅಂಕಿಯನ್ನು ಹೊಳೆಯುವಂತೆ ಮಾಡಲು ನಿಯಮ ಮುರಿಯಬೇಕಾಗಿಲ್ಲ. ಯು.ಎಸ್. ನ್ಯೂಸ್ ಎಂಬ ಅಮೆರಿಕದ ಪ್ರಸಿದ್ಧ ಪಟ್ಟಿ ಬಹಳ ವರ್ಷ "20ಕ್ಕಿಂತ ಕಡಿಮೆ ವಿದ್ಯಾರ್ಥಿಗಳಿರುವ ತರಗತಿಗಳು ಎಷ್ಟು" ಎಂದು ಕೇಳುತ್ತಿತ್ತು. 2009ರಲ್ಲಿ ಕ್ಲೆಮ್ಸನ್ ವಿಶ್ವವಿದ್ಯಾಲಯದ ಅಧಿಕಾರಿಯೊಬ್ಬರು ಒಂದು ಸಮ್ಮೇಳನದಲ್ಲಿ ತಮ್ಮಲ್ಲಿ ನಡೆದದ್ದನ್ನು ತೆರೆದು ಹೇಳಿದರು. 20ರಿಂದ 25 ಜನರಿದ್ದ ತರಗತಿಗಳನ್ನು 20ರ ಕೆಳಗೆ ತಂದರು. ಮೊದಲೇ 50 ದಾಟಿದ್ದ ತರಗತಿಗಳು ಇನ್ನೂ ಬೆಳೆದರೂ ಬಿಟ್ಟರು. 55 ಇದ್ದದ್ದು 70 ಆದರೂ ಪಟ್ಟಿಯ ಲೆಕ್ಕದಲ್ಲಿ ವ್ಯತ್ಯಾಸ ಇಲ್ಲ, ಅಲ್ವಾ? ಈ ವಿವರಣೆಯನ್ನು ವಿಶ್ವವಿದ್ಯಾಲಯ ಒಪ್ಪಲಿಲ್ಲ. ಆದರೂ ಗೆರೆಯ ಈಚೆ ಆಚೆ ಏನು ಮಾಡಬಹುದು ಎಂಬುದು ಅದರಿಂದ ಚೆನ್ನಾಗಿ ತಿಳಿಯುತ್ತದೆ.

ಇನ್ನು ಕೊಲಂಬಿಯಾದ ಪ್ರಕರಣ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ 2021ರ ಸೆಪ್ಟೆಂಬರಿನಲ್ಲಿ ಬಂದ ಯು.ಎಸ್. ನ್ಯೂಸ್ ಪಟ್ಟಿಯಲ್ಲಿ ಹಾರ್ವರ್ಡ್, ಎಂಐಟಿ ಜೊತೆ 2ನೇ ಸ್ಥಾನ ಹಂಚಿಕೊಂಡಿತ್ತು. ತನ್ನ ಪದವಿ ತರಗತಿಗಳಲ್ಲಿ ಶೇ 82.5ರಲ್ಲಿ 20ಕ್ಕಿಂತ ಕಡಿಮೆ ವಿದ್ಯಾರ್ಥಿಗಳಿದ್ದಾರೆ ಎಂದು ಅದು ತಿಳಿಸಿತ್ತು. ಅಲ್ಲಿಯೇ ಗಣಿತ ಕಲಿಸುವ ಪ್ರಾಧ್ಯಾಪಕ ಮೈಕೆಲ್ ಥ್ಯಾಡಿಯಸ್ ಅವರಿಗೆ ಇದು ಸರಿ ಕಾಣಲಿಲ್ಲ. ಅವರು ಹುಡುಕಿದ್ದು ಯಾವ ಗುಪ್ತ ಕಡತವನ್ನೂ ಅಲ್ಲ. ಯಾರು ಬೇಕಾದರೂ ತೆರೆಯಬಹುದಾದ ತರಗತಿಗಳ ಪಟ್ಟಿ ವಿಶ್ವವಿದ್ಯಾಲಯದ ವೆಬ್‌ಸೈಟಿನಲ್ಲೇ ಇತ್ತು. ಪ್ರತಿ ತರಗತಿಗೆ ಎಷ್ಟು ಜನ ಸೇರಿದ್ದಾರೆ ಎಂಬುದೂ ಅದರಲ್ಲಿತ್ತು. ಅದನ್ನು ಎಣಿಸಿದರೆ ಉತ್ತರ ಶೇ 62.7ರಿಂದ 66.9ರ ನಡುವೆ ಬಂತು.

2022ರ ಫೆಬ್ರವರಿಯಲ್ಲಿ ಅವರು ಈ ಲೆಕ್ಕವನ್ನು ತಮ್ಮ ವೆಬ್‌ಸೈಟಿನಲ್ಲಿ ಪ್ರಕಟಿಸಿದರು. ಅದೇ ಸೆಪ್ಟೆಂಬರಿನಲ್ಲಿ ವಿಶ್ವವಿದ್ಯಾಲಯ ತನ್ನ ಹಿಂದಿನ ಕೆಲವು ಅಂಕಿಗಳು ಹಳೆಯ ಅಥವಾ ತಪ್ಪಾದ ವಿಧಾನದಿಂದ ಬಂದವು ಎಂದು ಒಪ್ಪಿಕೊಂಡಿತು. ತಾನೇ ಹೊಸದಾಗಿ ಎಣಿಸಿ ಕೊಟ್ಟ ಅಂಕಿ ಸುಮಾರು ಶೇ 57. ಹೊಸ ಪಟ್ಟಿಯಲ್ಲಿ ಕೊಲಂಬಿಯಾ 18ನೇ ಸ್ಥಾನಕ್ಕೆ ಇಳಿಯಿತು. ಮರುವರ್ಷ ಜೂನ್‌ನಲ್ಲಿ, ಪದವಿ ವಿಭಾಗದ ಅಂಕಿಗಳನ್ನು ಆ ಪಟ್ಟಿಗೆ ಇನ್ನು ಕೊಡುವುದಿಲ್ಲ ಎಂದು ಹೇಳಿತು.

ಎರಡನೇ ಸ್ಥಾನದಲ್ಲಿದ್ದಾಗ ಪಾಠ ಮಾಡುತ್ತಿದ್ದವರೇ ಹದಿನೆಂಟನೇ ಸ್ಥಾನದಲ್ಲಿದ್ದಾಗಲೂ ಪಾಠ ಮಾಡುತ್ತಿದ್ದರು. ಆ ಒಂದು ವರ್ಷದಲ್ಲಿ ತರಗತಿಗಳು ಕೆಡಲಿಲ್ಲ. ಎರಡನೇ ಸ್ಥಾನ ತರಗತಿಯ ಬಗ್ಗೆ ಎಷ್ಟು ಕಡಿಮೆ ಹೇಳಿತ್ತೋ ಹದಿನೆಂಟನೇ ಸ್ಥಾನವೂ ಅಷ್ಟೇ ಕಡಿಮೆ ಹೇಳಿತು. ಮುಂದೆ 2023ರ ಸೆಪ್ಟೆಂಬರಿನ ಪಟ್ಟಿಯಲ್ಲಿ ಯು.ಎಸ್. ನ್ಯೂಸ್ ತರಗತಿಯ ಗಾತ್ರವನ್ನು ಲೆಕ್ಕದಿಂದಲೇ ತೆಗೆದುಬಿಟ್ಟಿತು. ನನಗೆ ಇದು ಬೇಸರದ ಸಂಗತಿ. ತಪ್ಪು ಎಣಿಕೆ ತಡೆಯುವ ಬದಲು, ವಿದ್ಯಾರ್ಥಿಗೆ ನೇರವಾಗಿ ತಟ್ಟುವ ಒಂದು ಸಂಗತಿಯನ್ನೇ ಎಣಿಸುವುದು ನಿಂತಿತು.

ಥ್ಯಾಡಿಯಸ್ ಮಾಡಿದ್ದನ್ನು ನೀವು ಚಿಕ್ಕದಾಗಿ ಮಾಡಬಹುದು. ನಿಮ್ಮ ಕೋರ್ಸಿನ ಮೊದಲ ಎರಡು ಸೆಮಿಸ್ಟರಿನ ಕಡ್ಡಾಯ ವಿಷಯಗಳನ್ನು ಬರೆದುಕೊಳ್ಳಿ. ಹತ್ತು ವಿಷಯ ಇರಬಹುದು. ಪ್ರತಿಯೊಂದರ ಮುಂದೆ ಎಷ್ಟು ಜನ ಒಟ್ಟಿಗೆ ಕೂರುತ್ತಾರೆ ಎಂದು ತುಂಬಿ. ತರಗತಿಗಳ ಆನ್‌ಲೈನ್ ಪಟ್ಟಿಯಲ್ಲಿ ಈ ಸಂಖ್ಯೆ ಇದ್ದರೆ ಸರಿ. ಇಲ್ಲದಿದ್ದರೆ ವಿಭಾಗದ ಕಚೇರಿಗೆ ಇಮೇಲ್ ಬರೆಯಿರಿ. ಕಾಮನ್ ಡೇಟಾ ಸೆಟ್ ಇರುವ ಕಡೆ I ಭಾಗದಲ್ಲಿ, I-3 ಎಂಬ ಕೋಷ್ಟಕದಲ್ಲಿ, 2ರಿಂದ 9 ಜನ, 10ರಿಂದ 19 ಜನ ಎಂದು ಶುರುವಾಗಿ 100 ಅಥವಾ ಅದಕ್ಕಿಂತ ಹೆಚ್ಚು ಎಂಬವರೆಗೆ ತರಗತಿಗಳ ಸಂಖ್ಯೆ ಇರುತ್ತದೆ.

ಎರಡು ಕಡೆ ಮೋಸ ಹೋಗಬೇಡಿ. ಒಂದು, ಕೊನೆಯ ವರ್ಷದ ಐಚ್ಛಿಕ ವಿಷಯಗಳನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಅವು ಸಾಮಾನ್ಯವಾಗಿ ಚಿಕ್ಕವು, ಸರಾಸರಿಯನ್ನು ಕೆಳಗೆ ಎಳೆಯುತ್ತವೆ. ಇನ್ನೊಂದು, 190 ಜನರ ಉಪನ್ಯಾಸವನ್ನು ವಾರಕ್ಕೊಮ್ಮೆ 20 ಜನರ ಗುಂಪುಗಳಾಗಿ ಒಡೆದು ಚರ್ಚೆಗೆ ಕೂರಿಸುವ ಪದ್ಧತಿ ಹಲವು ಕಡೆ ಇದೆ. ಅದನ್ನು ಪ್ರತ್ಯೇಕ ಸಾಲಿನಲ್ಲಿ ಬರೆಯಿರಿ. ಆ ಗುಂಪನ್ನು ಯಾರು ನಡೆಸುತ್ತಾರೆ ಎಂದೂ ಕೇಳಿ. ಗುಂಪು ಚೆನ್ನಾಗಿ ನಡೆದರೆ ದೊಡ್ಡ ಹಾಲ್ ಅಷ್ಟು ದೊಡ್ಡ ತೊಂದರೆ ಅಲ್ಲ.

6. ಈಗ ಓದುತ್ತಿರುವವರನ್ನು ಕೇಳಿ, ಆದರೆ ಸರಿಯಾದ ಪ್ರಶ್ನೆ ಕೇಳಿ

ಅಂಕಿಗಳು ನಿಮ್ಮನ್ನು ತರಗತಿಯ ಬಾಗಿಲ ತನಕ ತಂದವು. ಒಳಗೆ ಏನು ನಡೆಯುತ್ತದೆ ಎಂದು ಹೇಳಬಲ್ಲವರು ಒಳಗೆ ಕೂತವರು. ಆದರೆ "ಪಾಠ ಹೇಗಿದೆ?" ಎಂದು ಕೇಳಿದರೆ "ಸೂಪರ್" ಅಥವಾ "ಬೋರು" ಎಂಬ ಉತ್ತರ ಬರುತ್ತದೆ. ಅದರಿಂದ ಏನೂ ತಿಳಿಯುವುದಿಲ್ಲ.

ಯಾಕೆಂದರೆ ನಾವು ಎಷ್ಟು ಕಲಿತೆವು ಎಂಬುದು ನಮಗೇ ಸರಿಯಾಗಿ ಗೊತ್ತಿರುವುದಿಲ್ಲ. ಹಾರ್ವರ್ಡಿನ ಭೌತಶಾಸ್ತ್ರ ತರಗತಿಗಳಲ್ಲಿ ಲೂಯಿ ಡೆಲೋರಿಯೆ ಮತ್ತು ಜೊತೆಗಾರರು ಇದನ್ನು ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದರು. ಕೆಲವರು ನಿರರ್ಗಳವಾದ ಉಪನ್ಯಾಸ ಕೇಳಿದರು. ಇನ್ನು ಕೆಲವರು ಅದೇ ವಿಷಯವನ್ನು ಗುಂಪಿನಲ್ಲಿ ಲೆಕ್ಕ ಬಿಡಿಸುತ್ತಾ, ತಡವರಿಸುತ್ತಾ ಕಲಿತರು. ಉಪನ್ಯಾಸ ಕೇಳಿದವರಿಗೆ ತಾವು ಜಾಸ್ತಿ ಕಲಿತೆವು ಎನಿಸಿತ್ತು. ಪರೀಕ್ಷೆಯಲ್ಲಿ ಜಾಸ್ತಿ ಅಂಕ ಬಂದದ್ದು ತಡವರಿಸಿದವರಿಗೆ. ಹಾಗಾಗಿ ವಿದ್ಯಾರ್ಥಿಗಳು ಕೊಟ್ಟ ನಕ್ಷತ್ರಗಳನ್ನು ನೋಡಿ ಸುಮ್ನೆ ತೀರ್ಮಾನಕ್ಕೆ ಬರಬೇಡಿ.

ಅಭಿಪ್ರಾಯ ಕೇಳಬೇಡಿ, ನಡೆದದ್ದನ್ನು ಕೇಳಿ. ಎರಡನೇ ವರ್ಷದಲ್ಲಿರುವ ಮೂರ್ನಾಲ್ಕು ಜನ ಸಿಕ್ಕರೆ ಸಾಕು. ವಿಶ್ವವಿದ್ಯಾಲಯವೇ ಪರಿಚಯಿಸಿದವರಾದರೆ ಅವರ ಜೊತೆಗೆ ನೀವಾಗಿ ಹುಡುಕಿದ ಇಬ್ಬರಾದರೂ ಇರಲಿ. ನಾನು ಕೇಳಿ ಎನ್ನುವ ಪ್ರಶ್ನೆಗಳು ಇವು:

"ಹೋದ ಸೆಮಿಸ್ಟರಿನಲ್ಲಿ ನೀವು ಬರೆದು ಕೊಟ್ಟ ಕೆಲಸಗಳಲ್ಲಿ ಎಷ್ಟು ತಿದ್ದಿ ವಾಪಸ್ ಬಂದವು? ಎಷ್ಟು ದಿನಕ್ಕೆ? ಅದರಲ್ಲಿ ಅಂಕ ಮಾತ್ರ ಇತ್ತಾ, ಎಲ್ಲಿ ತಪ್ಪಾಗಿದೆ ಎಂದು ಬರೆದಿದ್ದರಾ?"

"ನಿಮ್ಮ ಹೆಸರು ಗೊತ್ತಿರುವ ಶಿಕ್ಷಕರು ಎಷ್ಟು ಜನ?"

"ಕೊನೆಯ ಸಲ ಅರ್ಥ ಆಗದೇ ಇದ್ದಾಗ ಯಾರ ಹತ್ತಿರ ಹೋದಿರಿ? ಅವರು ಸಿಕ್ಕರಾ?"

"ಈ ಸೆಮಿಸ್ಟರಿನಲ್ಲಿ ಎಷ್ಟು ತರಗತಿಗಳು ನಡೆಯದೆ ಹೋದವು?"

ಮೊದಲ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ಬರೆದದ್ದು ತಿದ್ದುಪಡಿಯ ಟಿಪ್ಪಣಿಯೊಂದಿಗೆ ಬೇಗ ವಾಪಸ್ ಬರುವುದು ಶಿಕ್ಷಕರ ಸಮಯ ಬೇಡುವ ಕೆಲಸ. ಒಬ್ಬ ಶಿಕ್ಷಕರ ಮೇಲೆ ನಿಜಕ್ಕೂ ಎಷ್ಟು ವಿದ್ಯಾರ್ಥಿಗಳ ಹೊರೆ ಇದೆ ಎಂಬುದು ಅದರಲ್ಲಿ ತಾನಾಗಿ ಕಾಣುತ್ತದೆ. ನಾಲ್ಕನೇ ಹಂತದಲ್ಲಿ ನೀವು ಹಾಕಿದ ಲೆಕ್ಕದಲ್ಲಿ 60 ಬಂದು, ಇಲ್ಲಿ ಒಂದೇ ವಾರದಲ್ಲಿ ವಿವರವಾದ ಟಿಪ್ಪಣಿ ಬರುತ್ತದೆ ಎಂದರೆ ಅಲ್ಲಿ ಏನೋ ಒಳ್ಳೆಯ ವ್ಯವಸ್ಥೆ ಇದೆ. ಅದು ಏನೆಂದು ಕೇಳಿ. ಲೆಕ್ಕದಲ್ಲಿ 25 ಬಂದು, ಸೆಮಿಸ್ಟರ್ ಪೂರ್ತಿ ಒಂದು ಟಿಪ್ಪಣಿಯೂ ಬರಲಿಲ್ಲ ಎಂದರೆ ಆ ಚಿಕ್ಕ ತರಗತಿಯಿಂದ ನಿಮಗೆ ಆಗುವ ಲಾಭ ಕಡಿಮೆ.

7. ಎಷ್ಟು ಜನ ಓದು ಮುಗಿಸುತ್ತಾರೆ ನೋಡಿ

ಕೊನೆಯ ಒಂದು ಅಂಕಿ. ಮೊದಲ ವರ್ಷ ಸೇರಿದವರಲ್ಲಿ ಎಷ್ಟು ಜನ ಎರಡನೇ ವರ್ಷಕ್ಕೆ ಬಂದರು, ಎಷ್ಟು ಜನ ಸಮಯಕ್ಕೆ ಸರಿಯಾಗಿ ಪದವಿ ಪಡೆದರು? ಇದು ಹಲವು ದೇಶಗಳಲ್ಲಿ ಪ್ರಕಟವಾಗುತ್ತದೆ. ಪಾಠದ ಬಗ್ಗೆ ಸ್ವಲ್ಪ ಹೇಳುತ್ತದೆ, ಪೂರ್ತಿ ಹೇಳುವುದಿಲ್ಲ. ಮೊದಲೇ ಚೆನ್ನಾಗಿ ಓದಿದ ಮಕ್ಕಳನ್ನು ಮಾತ್ರ ಸೇರಿಸಿಕೊಂಡರೆ ಪಾಠ ಹೇಗೇ ಇದ್ದರೂ ಶೇ 95 ಜನ ಮುಗಿಸಬಹುದು. ಎಲ್ಲರಿಗೂ ಬಾಗಿಲು ತೆರೆದು, ಶೇ 75 ಜನರನ್ನು ದಡ ಸೇರಿಸುವ ಕಡೆ ಹೆಚ್ಚು ಕಲಿಸುತ್ತಿರಬಹುದು. ಅದಕ್ಕೇ ಈ ಅಂಕಿಯನ್ನು ಹೋಲಿಸುವಾಗ, ಸೇರುವವರ ಅಂಕಗಳು ಹೆಚ್ಚುಕಡಿಮೆ ಒಂದೇ ಇರುವ ಎರಡು ಸಂಸ್ಥೆಗಳನ್ನು ಮಾತ್ರ ಪಕ್ಕಪಕ್ಕ ಇಡಿ. ಅಂಥ ಎರಡರ ನಡುವೆ ದೊಡ್ಡ ವ್ಯತ್ಯಾಸ ಕಂಡರೆ, ಬಿಟ್ಟು ಹೋದವರು ಯಾವ ವಿಷಯದಲ್ಲಿ ಸಿಕ್ಕಿಹಾಕಿಕೊಂಡರು ಎಂದು ವಿಭಾಗದವರನ್ನೇ ನೇರವಾಗಿ ಕೇಳಿ. ಆಮೇಲೆ ಐದನೇ ಹಂತದ ಪಟ್ಟಿಯಲ್ಲಿ ಆ ವಿಷಯದ ಮುಂದೆ ನೀವು ಬರೆದ ಸಂಖ್ಯೆಯನ್ನು ಇನ್ನೊಮ್ಮೆ ನೋಡಿ.